ಬೀಜದಿಂದ ಟೆಂಡರಿನವರೆಗೆ

ಸರ್ಕಾರಿ ನೇಮಕಾತಿಯ ಪರೀಕ್ಷೆಗಳಲ್ಲಿ, ಚದುರಿದ ಐದಾರು ಪದಗಳನ್ನು ಕೊಟ್ಟು, ಅವನ್ನು ಅರ್ಥಪೂರ್ಣವಾದ ಕ್ರಮದಲ್ಲಿ ಜೋಡಿಸಿರೆಂದು ಕೇಳುವ ಪ್ರಶ್ನೆಯೊಂದು ಬರುವುದುಂಟು. ಹಾವೇರಿ, ರಾಣೆಬೆನ್ನೂರುಗಳಲ್ಲಿ ಈ ಪರೀಕ್ಷೆಗಳಿಗಾಗಿ ಓದುತ್ತಿರುವ ರೈತಮಕ್ಕಳಿಗೆ ಪರಿಚಿತವಾದ ಬ್ಯಾಡಗಿ ಮೆಣಸಿನಕಾಯಿಯನ್ನೇ ಇದಕ್ಕೆ ಉದಾಹರಣೆಯಾಗಿ ತೆಗೆದುಕೊಳ್ಳಬಹುದು.

ಪದಗಳು ಹೀಗಿರಲಿ: 1. ಟೆಂಡರ್, 2. ನಾಟಿ, 3. ಒಣಗಿಸುವುದು, 4. ಬೀಜ, 5. ಕೊಯ್ಲು, 6. ಅಗಿ.

ಉತ್ತರದ ಆಯ್ಕೆಗಳು:
ಅ) 4-2-6-5-3-1
ಆ) 4-6-2-5-3-1
ಇ) 6-4-2-3-5-1
ಈ) 4-6-2-3-5-1

ಮೊದಲ ಪದವನ್ನು ಹುಡುಕಿ ಅಲ್ಲಿಂದ ಮುಂದುವರಿಯುವುದು ವಾಡಿಕೆ. ಆದರೆ ಇಲ್ಲಿ ಮೂರು ಆಯ್ಕೆಗಳು ಬೀಜದಿಂದಲೇ ಆರಂಭವಾಗಿ, ನಾಲ್ಕೂ ಟೆಂಡರಿನಲ್ಲಿಯೇ ಮುಗಿಯುವುದರಿಂದ, ಆದ್ಯಂತಗಳಿಂದ ದೊರೆಯುವ ಸಹಾಯ ಅತ್ಯಲ್ಪ. ಆದ್ದರಿಂದ ಒಂದಿಲ್ಲದೆ ಇನ್ನೊಂದು ಸಂಭವಿಸಲಾರದಂಥ ಜೋಡಿಯನ್ನು ನಡುವಿನಲ್ಲಿ ಅರಸಬೇಕು. ಮಡಿಯಲ್ಲಿ ಅಗಿ ಬೆಳೆಯದೆ ಹೊಲದಲ್ಲಿ ನಾಟಿಯಿಲ್ಲ. ಆದುದರಿಂದ 'ಅ' ಬಿದ್ದುಹೋಗುತ್ತದೆ. ಕೊಯ್ದ ಮೇಲೆಯೇ ಒಣಗಿಸುವುದೆಂದರೆ 'ಇ', 'ಈ' ಎರಡೂ ನಿಲ್ಲುವುದಿಲ್ಲ. ಆರು ಪದಗಳನ್ನೂ ಜೋಡಿಸದೆ, ಎರಡು ಜೋಡಿಗಳಿಂದಲೇ 'ಆ' ಸರಿಯೆಂದು ಸಿದ್ಧವಾಗುತ್ತದೆ.

ಆದರೆ ಹೊಲವನ್ನು ಬಲ್ಲವನಿಗೆ ಇಲ್ಲಿಯೇ ಒಂದು ಸಂಶಯ ತಲೆದೋರುವುದು ಸಹಜ. ಬ್ಯಾಡಗಿ ಕಾಯಿಯನ್ನು ಗಿಡದಲ್ಲಿಯೇ ಕೆಂಪೇರಿ ಬಾಡಲು ಬಿಟ್ಟು, ಅನಂತರ ಬಿಡಿಸಿ, ಕಣದಲ್ಲಿ ಹರಡಿ, ಆಗಾಗ ಕೈಯಾಡಿಸಿ ಚೆನ್ನಾಗಿ ಒಣಗಿಸುವರು. ಹಸಿಯಿರುವಾಗಲೇ ಚೀಲಕ್ಕೆ ತುಂಬಿದರೆ ಬೂಷ್ಟು ಹಿಡಿದು, ಈ ಕಾಯಿಯ ಮುಖ್ಯ ಗುಣವಾದ ಗಾಢವರ್ಣವೇ ಕೆಡುತ್ತದೆ. ಒಣಗುವಿಕೆ ಕೊಯ್ಲಿಗೆ ಮುನ್ನವೇ ಮೊದಲಾಗುವುದರಿಂದ, ಪ್ರಶ್ನೆಯಲ್ಲಿ 'ಕಣದಲ್ಲಿ ಒಣಗಿಸುವುದು' ಎಂದಿದ್ದರೆ ಮಾತ್ರ ಅದು ನಿರ್ದುಷ್ಟ. ಅದೇ ಪಟ್ಟಿಗೆ 'ತೂಕ'ವನ್ನು ಸೇರಿಸಿದರೆ ತೊಡಕು ಇನ್ನೂ ಹೆಚ್ಚು. ತೂಗಿದ ಮೇಲಲ್ಲವೆ ಮಾರಾಟವೆಂದು ಪಟ್ಟಣಿಗನು ತರ್ಕಿಸಿಯಾನು. ಮಾರುಕಟ್ಟೆಯ ಪದ್ಧತಿಯಲ್ಲಾದರೋ, ಟೆಂಡರಿನಿಂದ ದರ ನಿಶ್ಚಯವಾದ ತರುವಾಯವೇ ತೂಕ. ಇದು ಕಾರ್ಯಕಾರಣದಿಂದ ಹುಟ್ಟಿದ ಕ್ರಮವಲ್ಲ, ರೂಢಿಯ ಕ್ರಮ. ಬಲ್ಲವನಿಗೆ ಮಾತ್ರ ತಿಳಿಯುವಂಥದು, ತರ್ಕಕ್ಕೆ ನಿಲುಕದು.

ಬಾಳಿನ ಘಟ್ಟಗಳ ಪ್ರಶ್ನೆಯಲ್ಲಿಯೂ ಇದೇ ಭೇದವಿದೆ. ಜನನ, ಶೈಶವ, ಯೌವನ, ವಾರ್ಧಕ್ಯಗಳ ಅನುಕ್ರಮವನ್ನು ಯಾರೂ ಕದಲಿಸಲಾರರು. ಅವುಗಳ ನಡುವೆ ಉದ್ಯೋಗ, ವಿವಾಹಗಳನ್ನು ತಂದಿರಿಸಿ, ಇದು ಮೊದಲು ಇದು ಆಮೇಲೆ ಎಂದು ಉತ್ತರಸೂಚಿಯಲ್ಲಿ ಬರೆದರೆ, ಮದುವೆಯಾದ ಮೇಲೆ ನೌಕರಿಗೆಂದು ಓದುತ್ತಿರುವ ಹೆಣ್ಣುಮಗಳಿಗೆ ಅನ್ಯಾಯವಾಗುತ್ತದೆ.

ಪ್ರಶ್ನೆಪತ್ರಿಕೆ ರಚಿಸುವ ಮಹನೀಯರಲ್ಲಿ ನನ್ನ ವಿಜ್ಞಾಪನೆಯಿಷ್ಟೆ: ಅಕ್ಕಪಕ್ಕದ ಪ್ರತಿಯೊಂದು ಜೋಡಿಯನ್ನೂ ತಿರುಗುಮುರುಗಾಗಿಸಿ ನೋಡಿ, ಹಾಗೆಯೂ ನಡೆಯಬಹುದಾದ ಜೋಡಿ ಒಂದಿದ್ದರೂ ಅದರಲ್ಲೊಂದು ಪದವನ್ನು ಪಟ್ಟಿಯಿಂದ ತೆಗೆದುಹಾಕಿರಿ.