ಸಂಜೆ ಏಳರ ಟಿಪ್ಪಣಿ

ಬೆಂಗಳೂರಿನ ಹೊರವರ್ತುಲ ರಸ್ತೆಯ ಕಚೇರಿಗಳಲ್ಲಿ ಸಂಜೆ 7ಕ್ಕೆ ಲ್ಯಾಪ್‌ಟಾಪ್ ಮುಚ್ಚುವ ಹೊತ್ತಿಗೆ ಶಿಕಾಗೊದಲ್ಲಿ, ಬೇಸಿಗೆಯಾಗಿದ್ದರೆ, ಬೆಳಗಿನ 8.30. ಒಂದೇ ಸಾಫ್ಟ್‌ವೇರಿಗೆ ದುಡಿಯುವ ಎರಡು ತಂಡಗಳಲ್ಲಿ ಇಲ್ಲಿನದು ಆಫ್‌ಶೋರ್, ಗ್ರಾಹಕ ಕಂಪನಿಯ ಜೊತೆಗೇ ಕೂತು ಕೆಲಸ ಮಾಡುವ ಅಲ್ಲಿನದು ಆನ್‌ಸೈಟ್. ಇಬ್ಬರಿಗೂ ಬೋರ್ಡ್ ಒಂದೇ. ಪ್ರತಿ ಕೆಲಸಕ್ಕೂ ಒಂದು ಟಿಕೆಟ್. ಅದು `To Do`, `In Progress`, `Done` ಎಂದು ಎಡದಿಂದ ಬಲಕ್ಕೆ ಸಾಗುತ್ತದೆ. ಟಿಕೆಟ್ ಎಲ್ಲಿದೆ ಎಂಬುದಷ್ಟೇ ಬೋರ್ಡಿನಿಂದ ತಿಳಿಯುತ್ತದೆ. ಅದು ಅಲ್ಲೇ ಯಾಕೆ ನಿಂತಿದೆ ಎಂದು ಹೇಳಬೇಕಾದದ್ದು, ದಿನದ ಕೊನೆಗೆ ಅದರಡಿ ಬರೆಯುವ ಹ್ಯಾಂಡ್‌ಆಫ್ ಟಿಪ್ಪಣಿ.

ಒಂದು ಉದಾಹರಣೆ ನೋಡೋಣ. ಆನ್‌ಲೈನ್ ಅಂಗಡಿಯೊಂದರಲ್ಲಿ ಕೆಲವು ಗ್ರಾಹಕರಿಗೆ ರೀಫಂಡ್ ಎರಡೆರಡು ಸಲ ಹೋಗುತ್ತಿದೆ. ಟಿಕೆಟ್ ಬೆಂಗಳೂರಿನ ಡೆವಲಪರ್ ಕೈಯಲ್ಲಿದೆ. "ರೀಫಂಡ್ ಸಮಸ್ಯೆ ನೋಡುತ್ತಿದ್ದೇನೆ, ನಾಳೆ ಮುಂದುವರಿಸುತ್ತೇನೆ" ಎಂದಷ್ಟೇ ಬರೆದು ಆಕೆ ಮನೆಗೆ ಹೊರಟರೆ, ಶಿಕಾಗೊದವರಿಗೆ ಬೋರ್ಡಿನಲ್ಲಿ ಮೊದಲೇ ಕಾಣುತ್ತಿದ್ದುದಕ್ಕಿಂತ ಹೆಚ್ಚೇನೂ ಸಿಗಲಿಲ್ಲ. ಅವರು ಲಾಗ್‌ಗಳನ್ನು ಮೊದಲಿಂದ ಜಾಲಾಡಬೇಕು, ಇಲ್ಲವೇ ಸುಮ್ಮನಿರಬೇಕು. ಎರಡರಲ್ಲೂ ಒಂದು ದಿನ ಹೋಯಿತು.

ಅದೇ ಟಿಪ್ಪಣಿ ಹೀಗಿದ್ದರೆ:

"ಎರಡು ರೀಫಂಡ್‌ಗಳ ನಡುವೆ ಪ್ರತಿ ಸಲವೂ 30 ಸೆಕೆಂಡ್ ಅಂತರವಿದೆ. ಬ್ಯಾಂಕಿನ ಉತ್ತರಕ್ಕೆ ನಮ್ಮ ಸಿಸ್ಟಂ ಕಾಯುವುದೂ ಅಷ್ಟೇ ಹೊತ್ತು. ಉತ್ತರ ತಡವಾದರೆ ಹೊಸ ನಂಬರ್ ಕೊಟ್ಟು ಮತ್ತೆ ಕಳಿಸುತ್ತೇವೆ; ಬ್ಯಾಂಕ್ ಅದನ್ನು ಬೇರೆಯದೇ ರೀಫಂಡ್ ಎಂದುಕೊಳ್ಳುತ್ತದೆ. ಬಟನ್ ಎರಡು ಸಲ ಒತ್ತಿದ್ದರಿಂದ ಆಗಿರಬಹುದೇ ಎಂದೂ ನೋಡಿದೆ, ಅದಲ್ಲ. ಮತ್ತೆ ಕಳಿಸುವಾಗಲೂ ಹಳೆಯ ನಂಬರನ್ನೇ ಬಳಸುವಂತೆ ತಿದ್ದಿ `fix/double-refund` ಬ್ರ್ಯಾಂಚಿಗೆ ಪುಶ್ ಮಾಡಿದ್ದೇನೆ, ಮರ್ಜ್ ಮಾಡಿಲ್ಲ. ಒಂದು ಟೆಸ್ಟ್ ಫೇಲಾಗುತ್ತಿದೆ. ನನ್ನ ಬದಲಾವಣೆಗೆ ಮುಂಚೆಯೂ ಆಗುತ್ತಿತ್ತು. ಒಂದೇ ನಂಬರನ್ನು ಬ್ಯಾಂಕ್ ಎಷ್ಟು ಗಂಟೆ ನೆನಪಿಟ್ಟುಕೊಳ್ಳುತ್ತದೆ ಎಂದು ಪೇಮೆಂಟ್ ತಂಡವನ್ನು ಕೇಳಿ ತಿಳಿಸಿ. ನಮ್ಮ ಬೆಳಿಗ್ಗೆ 10ರೊಳಗೆ ಉತ್ತರ ಬರದಿದ್ದರೆ, ತಾನಾಗಿಯೇ ಮತ್ತೆ ಕಳಿಸುವುದನ್ನು ನಿಲ್ಲಿಸಿ, ಅಂಥ ರೀಫಂಡ್‌ಗಳನ್ನು ಜನರೇ ಪರಿಶೀಲಿಸುವ ವ್ಯವಸ್ಥೆ ಬರೆಯಲು ಶುರುಮಾಡುತ್ತೇನೆ."

ಬರೆಯಲು ಹತ್ತು ನಿಮಿಷ ಬೇಕು. ಯಾವ ದಾರಿಯಲ್ಲಿ ಹೋಗಿ ಬರಿಗೈಯಲ್ಲಿ ಬಂದೆ ಎಂದು ಹೇಳಿರುವುದರಿಂದ ಅಲ್ಲಿನವರು ಅದೇ ದಾರಿ ಹಿಡಿಯುವುದಿಲ್ಲ. ಪುಶ್ ಆಗಿದೆ, ಮರ್ಜ್ ಆಗಿಲ್ಲ ಎಂಬ ಮಾತೂ ಅಷ್ಟೇ ಮುಖ್ಯ. ಲ್ಯಾಪ್‌ಟಾಪಿನಲ್ಲೇ ಉಳಿದ ಕೋಡ್ ಶಿಕಾಗೊದವರ ಪಾಲಿಗೆ ಇಲ್ಲವೇ ಇಲ್ಲ. ಆದರೆ ನನಗೆ ಎಲ್ಲಕ್ಕಿಂತ ಬೆಲೆಯುಳ್ಳದ್ದಾಗಿ ಕಾಣುವುದು ಕೊನೆಯ ವಾಕ್ಯ. ಉತ್ತರ ಬಾರದಿದ್ದರೆ ಏನು ಮಾಡುತ್ತೇನೆಂದು ಅದು ಮೊದಲೇ ಹೇಳಿಬಿಡುತ್ತದೆ. ಬೇಡವೆನ್ನುವವರಿಗೆ ತಡೆಯಲು ಇಡೀ ಒಂದು ಹಗಲಿದೆ. ಯಾರೂ ಮಾತಾಡದಿದ್ದರೂ ಮರುದಿನ ಬೆಂಗಳೂರಿನವರು ಕೈಕಟ್ಟಿ ಕೂರಬೇಕಿಲ್ಲ. ತಿದ್ದಲು ಸುಲಭವಾದ ಕೆಲಸಕ್ಕೆ ಮಾತ್ರ ಈ ವಾಕ್ಯ ಸಲ್ಲುತ್ತದೆ. ಈಗಾಗಲೇ ಎರಡು ಸಲ ಹಣ ಪಡೆದವರಿಂದ ವಸೂಲಿ ಮಾಡಬೇಕೇ ಎಂಬಂಥ ಪ್ರಶ್ನೆಯನ್ನು ಹೀಗೆ ಇತ್ಯರ್ಥ ಮಾಡಲಾಗದು. ಅದಕ್ಕೆ ಹೊಣೆ ಹೊರುವವರ ಹೆಸರು ಹಾಕಿ, ಅವರ ಉತ್ತರಕ್ಕೆ ಕಾಯಲೇಬೇಕು.

ಟಿಪ್ಪಣಿ ಸೋತಿದೆಯೇ ಎಂದು ತಿಳಿಯುವುದು ಕಷ್ಟವಲ್ಲ. ಅದರಡಿ ಬಂದ ಮೊದಲ ಉತ್ತರ "ಯಾವ ಬ್ರ್ಯಾಂಚು?" ಎಂಬ ಪ್ರಶ್ನೆಯಾಗಿದ್ದರೆ ಸೋತಿದೆ. ಇಲ್ಲಿನವರು ಮನೆ ಸೇರಿದ ಮೇಲೆ ಆ ಪ್ರಶ್ನೆ ಬಂದರೆ ಉತ್ತರ ಸಿಗುವುದು ಮಾರನೆಯ ದಿನ.

ಗಡಿಯಾರದ ಲೆಕ್ಕವೂ ಸ್ಥಿರವಲ್ಲ. ಅಮೆರಿಕದಲ್ಲಿ ನವೆಂಬರ್ ಮೊದಲ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಿಡುತ್ತಾರೆ, ನಾವು ಇಡುವುದಿಲ್ಲ. ಅಲ್ಲಿಂದ ಮಾರ್ಚ್‌ವರೆಗೆ ನಮ್ಮ ಸಂಜೆ 7 ಎಂದರೆ ಅಲ್ಲಿ 7.30, ಕಚೇರಿಗೆ ಇನ್ನೂ ಯಾರೂ ಬಂದಿರುವುದಿಲ್ಲ. ಬೇಸಿಗೆಯಲ್ಲಿ ಎರಡು ಮಾತಿನ ಫೋನಿನಲ್ಲಿ ಮುಗಿಯುತ್ತಿದ್ದುದನ್ನೂ ಆಗ ಬರೆದೇ ತಿಳಿಸಬೇಕು. ಇನ್ನು ಸೋಮವಾರ ನಾವು 9ಕ್ಕೆ ಕೆಲಸ ಶುರುಮಾಡುವಾಗ ಅಲ್ಲಿ ಇನ್ನೂ ಭಾನುವಾರ ರಾತ್ರಿ. ಅಂದರೆ ನಮ್ಮ ಸೋಮವಾರ ನಡೆಯುವುದು ಆನ್‌ಸೈಟಿನವರು ಶುಕ್ರವಾರ ಬರೆದಿಟ್ಟ ಟಿಪ್ಪಣಿಯ ಮೇಲೆ.

ಅದನ್ನು ಅವರು ಬರೆಯುತ್ತಾರೆಯೇ? ಬಹಳಷ್ಟು ಕಡೆ ಬೆಂಗಳೂರಿನವರಿಗೆ ಟಿಪ್ಪಣಿ ಕಡ್ಡಾಯ, ಆನ್‌ಸೈಟಿಗೆ ಐಚ್ಛಿಕ. ಇದು ತಿರುಗುಮುರುಗಾದ ನಿಯಮ. ಗ್ರಾಹಕರು ಕಾಫಿ ಕುಡಿಯುತ್ತಾ "ಆ ಪೇಜ್ ಸದ್ಯಕ್ಕೆ ಬೇಡ" ಎಂದದ್ದು ಆನ್‌ಸೈಟಿನವರ ಕಿವಿಗೆ ಮಾತ್ರ ಬಿದ್ದಿರುತ್ತದೆ. ಅದು ಬೋರ್ಡಿಗೆ ಬರದಿದ್ದರೆ ಇಲ್ಲಿ ಮೂವರು ಅದೇ ಪೇಜನ್ನು ಇಡೀ ದಿನ ಕಟ್ಟುತ್ತಾರೆ. ಎರಡು ಊರಿನ ತಂಡ ನಡೆಸುವವರು ಇಂದು ಒಂದು ನಿಯಮವನ್ನಷ್ಟೇ ಬದಲಿಸುವುದಾದರೆ, ಶುಕ್ರವಾರ ಆನ್‌ಸೈಟಿನವರ ಟಿಪ್ಪಣಿಯನ್ನು ಕಡ್ಡಾಯ ಮಾಡಲಿ.