ನಿಂತ ಯಂತ್ರದ ಬಾಡಿಗೆ ಯಾರ ಲೆಕ್ಕಕ್ಕೆ?

ಪೀಣ್ಯದಂಥ ಕಡೆ ಲೇತ್ ಯಂತ್ರಗಳಲ್ಲಿ ಬಿಡಿಭಾಗ ಮಾಡುವ ಒಂದು ಸಣ್ಣ ಕಾರ್ಖಾನೆಯನ್ನು ಊಹಿಸಿಕೊಳ್ಳಿ. ಬಾಡಿಗೆ, ಸವಕಳಿ, ಸೂಪರ್‌ವೈಸರ್ ಸಂಬಳ ಸೇರಿ ತಿಂಗಳಿಗೆ 6 ಲಕ್ಷ ರೂಪಾಯಿ ಸ್ಥಿರ ವೆಚ್ಚ. ಯಂತ್ರ ಓಡಿದರೂ ನಿಂತರೂ ಇದು ತಪ್ಪದು. ರಿಪೇರಿ, ರಜೆಗಳನ್ನು ಕಳೆದು, ಹಿಂದಿನ ಕೆಲವು ವರ್ಷಗಳ ಸರಾಸರಿ ನೋಡಿದರೆ ಯಂತ್ರಗಳು ತಿಂಗಳಿಗೆ 3,000 ಗಂಟೆ ಓಡುತ್ತವೆ. ಇದೇ ಸಾಮಾನ್ಯ ಸಾಮರ್ಥ್ಯ. ಅಂದರೆ ಗಂಟೆಗೆ 200 ರೂಪಾಯಿ.

ಈ ತಿಂಗಳು ಆರ್ಡರ್ ಕಡಿಮೆಯಾಗಿ 2,000 ಗಂಟೆಯಷ್ಟೇ ಓಡಿದವು. 6 ಲಕ್ಷವನ್ನು 2,000ದಿಂದ ಭಾಗಿಸಿದರೆ ದರ 300ಕ್ಕೆ ಏರುತ್ತದೆ. ಅರ್ಧ ಗಂಟೆ ಹಿಡಿಯುವ ಬಿಡಿಭಾಗದ ಮೇಲೆ 100ರ ಬದಲು 150 ರೂಪಾಯಿ ಬೀಳುತ್ತದೆ. ಮಾಲೀಕ ಅದನ್ನು ನಂಬಿ ಬೆಲೆ ಏರಿಸಿದರೆ ಇರುವ ಗಿರಾಕಿಯೂ ಹೋದ, ಮುಂದಿನ ತಿಂಗಳ ದರ ಇನ್ನೂ ಮೇಲೆ. ಪಾಪ, ಆ ಬಿಡಿಭಾಗದ ತಪ್ಪೇನು?

ಹಾಗಾಗಿ ದರವನ್ನು 200ರಲ್ಲೇ ನಿಲ್ಲಿಸಬೇಕು. ತಯಾರಾದ ಮಾಲಿಗೆ 4 ಲಕ್ಷ. ಖಾಲಿ ಉಳಿದ 1,000 ಗಂಟೆಯ 2 ಲಕ್ಷ ಲಾಭ-ನಷ್ಟ ಪಟ್ಟಿಯಲ್ಲಿ ಪ್ರತ್ಯೇಕ ಸಾಲಾಗಿ ಕಾಣಬೇಕು. ಅಮೆರಿಕದ ಹೆನ್ರಿ ಗ್ಯಾಂಟ್ 1915ರಲ್ಲೇ ಇದನ್ನು ವಾದಿಸಿದ್ದ. ಭಾರತದ ಲೆಕ್ಕಪತ್ರ ಮಾನಕವೂ ಈ ಮೊತ್ತವನ್ನು ದಾಸ್ತಾನಿನ ಬೆಲೆಗೆ ಸೇರಿಸಲು ಬಿಡುವುದಿಲ್ಲ. ಸೇರಿಸಿದರೆ ಮಾರಾಟವಾಗದ ಮಾಲಿನೊಳಗೆ ನಷ್ಟ ಅಡಗಿ ಕೂರುತ್ತದೆ.

ಮೋಸಕ್ಕೆ ಜಾಗವಿರುವುದು ಆ 3,000ದಲ್ಲಿ. ಅದನ್ನು ಸದ್ದಿಲ್ಲದೆ 2,200ಕ್ಕೆ ಇಳಿಸಿದರೆ ಖಾಲಿ ಸಾಮರ್ಥ್ಯ ಬಹುಪಾಲು ಮಾಯ. ಲೆಕ್ಕ ನೋಡುವವರು ಮೊದಲು ಕೇಳಬೇಕಾದದ್ದು, ಕಳೆದ ವರ್ಷ ಈ ಅಂಕಿ ಎಷ್ಟಿತ್ತು ಎಂದು.