ಉಕ್ತಲೇಖನ ಕೊಡುವ ಕಂಪ್ಯೂಟರ್ ಎಷ್ಟು ಹೊತ್ತು ಸುಮ್ಮನಿರಬೇಕು?

ಚನ್ನಪಟ್ಟಣದ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಬಿಡದಿಯ ಕಾರ್ಖಾನೆಗೆ ಉತ್ತರ ಭಾರತದಿಂದ ಬಂದ ಹುಡುಗರಿಗೆ ಅವರು ಸಂಜೆ ಕನ್ನಡ ಕಲಿಸುತ್ತಾರೆ. ಪಾಠವನ್ನು ಕಂಪ್ಯೂಟರಿನ ಬಾಯಲ್ಲಿ ಓದಿಸಿ, ಉಕ್ತಲೇಖನದ ಧ್ವನಿ ಕಡತ ಮಾಡಿ ಮೊಬೈಲಿಗೆ ಕಳಿಸುತ್ತಾರಂತೆ. 'ಓದುವ ವೇಗವನ್ನು ಅರ್ಧಕ್ಕೆ ಇಳಿಸಿದರೂ ತಪ್ಪು ಕಡಿಮೆಯಾಗಲಿಲ್ಲ, ಏಕೆ?' ಎಂಬುದು ಅವರ ಪ್ರಶ್ನೆ.

ವೇಗ ಇಳಿಸಿದ್ದರಿಂದಲೇ ತಪ್ಪು ಹೆಚ್ಚಿರಬೇಕು. ನಿಧಾನವಾಗಿ ಎಳೆದು ಹೇಳಿದರೆ ಮಕ್ಕಳಿಗೆ ತಿಳಿಯುತ್ತದೆ ಎಂಬ ನಂಬಿಕೆ ನಮ್ಮ ಶಾಲೆಗಳಲ್ಲಿ ಬೇರೂರಿಬಿಟ್ಟಿದೆ. ಕನ್ನಡದ ಮಟ್ಟಿಗಂತೂ ಅದು ಅಪಾಯಕಾರಿ. ಬೆಳೆಗೂ ಬೇಳೆಗೂ ಇರುವ ವ್ಯತ್ಯಾಸವೆಲ್ಲ ಸ್ವರದ ಕಾಲದಲ್ಲಿದೆ. ಹಿಂದಿಯಲ್ಲಿ ಹ್ರಸ್ವ ಎ, ಹ್ರಸ್ವ ಒ ಬೇರೆ ಅಕ್ಷರಗಳಾಗಿ ಇಲ್ಲವೇ ಇಲ್ಲ. ಆ ಕಿವಿಗೆ 'ಬೆಳೆ'ಯನ್ನು ಎಳೆದು ಕೇಳಿಸಿದರೆ ಅದು 'ಬೇಳೆ'ಯೇ. 'ಕತೆ'ಯ ತಕಾರ ನಿಧಾನವಾದರೆ 'ಕತ್ತೆ'ಯ ಹತ್ತಿರ ಹೋಗುತ್ತದೆ. ಮಾತು ಸಹಜ ವೇಗದಲ್ಲೇ ಇರಲಿ, ಹಿಗ್ಗಿಸಬೇಕಾದ್ದು ನಡುವಿನ ಮೌನವನ್ನು.

ಮೌನ ಎಷ್ಟಿರಬೇಕು ಎಂಬುದೇ ಇಲ್ಲಿ ನನಗೆ ಅತ್ಯಂತ ಇಷ್ಟವಾದ ಲೆಕ್ಕ. ಈ ವಾಕ್ಯ ನೋಡಿ: 'ರಾಮನಗರದ ಮಾರುಕಟ್ಟೆಗೆ ರೈತರು ಬೆಳಿಗ್ಗೆಯೇ ರೇಷ್ಮೆಗೂಡು ತರುತ್ತಾರೆ.' ಎರಡೆರಡು ಪದಕ್ಕೆ ತುಂಡರಿಸಿದರೆ ಮೊದಲ ತುಂಡಿನಲ್ಲಿ 11 ಅಕ್ಷರ, ಎರಡನೆಯದರಲ್ಲಿ 7, ಮೂರನೆಯದರಲ್ಲಿ 8. ಹೊಸಬರ ಕೈಗೆ ಅಕ್ಷರಕ್ಕೊಂದು ಸೆಕೆಂಡ್, ಜೊತೆಗೆ ಕೇಳಿದ್ದನ್ನು ನೆನೆದು ಕೈಯೆತ್ತಲು 2 ಸೆಕೆಂಡ್ ಎಂದಿಟ್ಟುಕೊಂಡರೆ 13, 9, 10 ಸೆಕೆಂಡ್ ಬಿಡಬೇಕು. ಎಲ್ಲಕ್ಕೂ ಒಂದೇ ಸಮ 10 ಸೆಕೆಂಡ್ ಬಿಟ್ಟರೆ ಹುಡುಗ 'ಮಾರುಕಟ್ಟೆಗೆ' ಬರೆಯುತ್ತಿರುವಾಗಲೇ 'ರೈತರು' ಕಿವಿಯ ಪಕ್ಕದಲ್ಲೇ ಹಾದುಹೋಗುತ್ತಾರೆ. ಅಕ್ಷರಕ್ಕೆ ಇಷ್ಟು ಎಂಬ ಒಂದು ಸಂಖ್ಯೆಯನ್ನು ಬದಲಿಸಿದರೆ ಸಾಕು, ಇಡೀ ಪಾಠದ ವಿರಾಮಗಳು ತಾವಾಗಿ ಹಿಗ್ಗುತ್ತವೆ, ಕುಗ್ಗುತ್ತವೆ.

ಆದರೆ ಕಂಪ್ಯೂಟರಿಗೆ ಕನ್ನಡದ ಅಕ್ಷರ ಎಣಿಸಲು ಹೇಳಿದರೆ ಅದು ಎಣಿಸುವುದು ಯೂನಿಕೋಡ್ ಸಂಕೇತಗಳನ್ನು. 'ಕನಕಪುರ'ದಲ್ಲೂ 'ಮಾರುಕಟ್ಟೆಗೆ'ಯಲ್ಲೂ ನಮಗೆ ಕಾಣುವುದು ಐದೈದು ಅಕ್ಷರ. ಯಂತ್ರಕ್ಕೆ ಮೊದಲನೆಯದು 6, ಎರಡನೆಯದು 11. ಕೊಂಬು, ದೀರ್ಘ, ಅರ್ಧಾಕ್ಷರದ ಗುರುತು ಎಲ್ಲವೂ ಅದರ ಲೆಕ್ಕದಲ್ಲಿ ಒಂದೊಂದು. ಹಾಗಾಗಿ ಸಂಕೇತ ಎಣಿಸಿದರೆ ಒಂದು ಪದದ ವಿರಾಮ ಇನ್ನೊಂದರ ಒಂದೂವರೆ ಪಟ್ಟಿಗಿಂತ ಹೆಚ್ಚಾಗಿಬಿಡುತ್ತದೆ. ಬರೀ ಅಕ್ಷರ ಎಣಿಸಿದರೆ ಒತ್ತು ಬರೆಯುವ ಶ್ರಮ ಲೆಕ್ಕಕ್ಕೇ ಬರುವುದಿಲ್ಲ. ಅಕ್ಷರಕ್ಕೆ ಒಂದು, ಪ್ರತಿ ಒತ್ತಿಗೆ ಇನ್ನರ್ಧ ಎಂದು ಕೂಡಿಸುವುದು ಕೈಯ ವೇಗಕ್ಕೆ ಹೆಚ್ಚು ಹತ್ತಿರ.

ತುಂಡು ಎಷ್ಟು ಉದ್ದವಿರಬೇಕು? 1975ರಲ್ಲಿ ಬ್ರಿಟನ್ನಿನ ಮನೋವಿಜ್ಞಾನಿ ಅಲನ್ ಬ್ಯಾಡ್ಲಿ ಮತ್ತು ಸಂಗಡಿಗರು ಕಂಡುಕೊಂಡ ಹಾಗೆ, ಸುಮಾರು 2 ಸೆಕೆಂಡಿನಲ್ಲಿ ಬಾಯಲ್ಲಿ ಹೇಳಿ ಮುಗಿಸುವಷ್ಟು ಮಾತು ಮಾತ್ರ ನಮ್ಮ ತಕ್ಷಣದ ನೆನಪಿನಲ್ಲಿ ನಿಲ್ಲುತ್ತದೆ. ನಮ್ಮ ಉದ್ದುದ್ದ ಪದಗಳಿಗೆ ಎರಡು ಮೂರು ಪದವೇ ಮಿತಿ. 'ರಾಮನಗರದ' ಎಂದು ನಿಲ್ಲಿಸಿ 'ಮಾರುಕಟ್ಟೆಗೆ' ಎಂದು ಮುಂದಿನದಕ್ಕೆ ಸೇರಿಸಬಾರದು. ಷಷ್ಠಿಯ ಪದ ತನ್ನ ನಾಮಪದದ ಜೊತೆಗೇ ಇರಬೇಕು.

ಇನ್ನೊಂದು ಎಡವಟ್ಟು: ತುಂಡುಗಳನ್ನು ಬೇರೆ ಬೇರೆಯಾಗಿ ಓದಿಸಿ ಆಮೇಲೆ ಜೋಡಿಸುವವರಿದ್ದಾರೆ. ಆಗ ಪ್ರತಿ ತುಂಡಿನ ಕೊನೆಗೂ ಧ್ವನಿ ವಾಕ್ಯ ಮುಗಿದಂತೆ ಇಳಿಯುತ್ತದೆ, ಬರೆಯುವವನು ಅಲ್ಲೆಲ್ಲ ಪೂರ್ಣವಿರಾಮ ಹಾಕುತ್ತಾನೆ. ಇಡೀ ವಾಕ್ಯ ಒಟ್ಟಿಗೇ ಇರಲಿ, ತುಂಡಿನ ಕೊನೆಗೆ ಅಲ್ಪವಿರಾಮವೂ ವಿರಾಮದ ಗುರುತೂ ಇರಲಿ. ಕನ್ನಡ ಓದಬಲ್ಲ ಉಚಿತ ತಂತ್ರಾಂಶ `espeak-ng`ಗೆ ಹೀಗೆ ಬರೆದುಕೊಡಬಹುದು. ಒತ್ತಿನ ಅರ್ಧವನ್ನೂ ಸೇರಿಸಿ ಮೊದಲ ವಿರಾಮ 13.5 ಸೆಕೆಂಡ್ ಆಗಿದೆ, ಇಲ್ಲಿ ಅದು ಮಿಲಿಸೆಕೆಂಡಿನಲ್ಲಿದೆ:

```
<speak>ರಾಮನಗರದ ಮಾರುಕಟ್ಟೆಗೆ,
<break time="13500ms"/>
ರೈತರು ಬೆಳಿಗ್ಗೆಯೇ,
<break time="9500ms"/>
ರೇಷ್ಮೆಗೂಡು ತರುತ್ತಾರೆ.</speak>
```

ಇದನ್ನು `ukta.ssml` ಎಂದು ಉಳಿಸಿ, ಮುಂದಿನ ಆದೇಶ ಕೊಟ್ಟರೆ ಧ್ವನಿ ಕಡತ ಸಿದ್ಧ:

```
espeak-ng -m -v kn -s 140 -f ukta.ssml -w ukta.wav
```

ಇದರ ಧ್ವನಿ ಯಾಂತ್ರಿಕ. ಹಾಗಾಗಿ ಒಮ್ಮೆ ನೀವೇ ಕೇಳಿ, ಹ್ರಸ್ವ ದೀರ್ಘ ಸ್ಪಷ್ಟವಿದೆಯೇ ನೋಡಿಯೇ ಕಳಿಸಿ.

ಯಾವುದನ್ನು ತಿದ್ದಬೇಕೆಂದು ಹುಡುಗರ ಪುಸ್ತಕವೇ ಹೇಳುತ್ತದೆ. ತುಂಡಿನ ಮೊದಲ ಪದ ಮತ್ತೆ ಮತ್ತೆ ಬಿಟ್ಟುಹೋಗಿದ್ದರೆ ಹಿಂದಿನ ವಿರಾಮ ಸಾಲಲಿಲ್ಲ. ಮೊದಲೂ ಕೊನೆಯೂ ಸರಿಯಿದ್ದು ನಡುವೆ ಖಾಲಿ ಇದ್ದರೆ ತುಂಡು ಉದ್ದವಾಯಿತು. ಪದಗಳೆಲ್ಲ ಇದ್ದು ಬೆಳೆ ಬೇಳೆಯಾಗಿದ್ದರೆ ವಿರಾಮ ಮುಟ್ಟಬೇಡಿ. ಓದುವ ವೇಗವನ್ನು ಮೊದಲಿದ್ದಲ್ಲಿಗೆ ಏರಿಸಿ ಮತ್ತೊಮ್ಮೆ ಕೇಳಿಸಿ.